ಹದಿನೈದನೇ ತಾರೀಕಿಗೆ ಕಮರಮ್ಮ ಕೊಟ್ಟ ಉತ್ತರ

ಕಮರುನ್ನೀಸಾ ಅವರ ದಾರದ ಡಬ್ಬಿಯಲ್ಲಿ ಹನ್ನೊಂದು ತಿಂಗಳು ಒಂದು ಬೀಗ ಇತ್ತು. ಕೈ ಇಲ್ಲದ, ಬಾಯಿ ತೆರೆದುಕೊಂಡೇ ಇದ್ದ ಬೀಗ. ಸೂಜಿ, ಸೀಮೆಸುಣ್ಣ, ರೆಗ್ಜಿನ್ ಕತ್ತರಿಸುವ ದೊಡ್ಡ ಕತ್ತರಿ, ಎಲ್ಲದರ ಅಡಿಗೆ ಅದು. ದಾರಕ್ಕೆಂದು ಕೈ ಹಾಕಿದಾಗಲೆಲ್ಲ ಬೆರಳಿಗೆ ತಣ್ಣಗೆ ತಗಲುತ್ತಿತ್ತು. ಮಗಳು ಸುಮಯ್ಯ ಎರಡು ಸಲ ಅದನ್ನು ಗುಜರಿಗೆ ಹಾಕಲು ಹೊರಟಳು. ಎರಡು ಸಲವೂ ತಾಯಿ ಕಿತ್ತುಕೊಂಡು ಮತ್ತೆ ಡಬ್ಬಿಗೆ ಹಾಕಿದರು.

"ಇರ್ಲಿ. ಅದು ನಮ್ದಲ್ಲ. ವಾಪಸ್ ಕೊಡ್ಬೇಕು."

ಆ ಬೀಗವನ್ನು ವಾಪಸ್ ಕೊಟ್ಟ ಕತೆ ಇದು. ಕೋಪ ಒಳ್ಳೆಯದಲ್ಲ ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಅವರಿಗೆಂದೇ ಪುಣ್ಯಕತೆಗಳು ಬೇಕಾದಷ್ಟಿವೆ.

ನಾಗಮಂಗಲದಿಂದ ದೇವಲಾಪುರದ ಕಡೆ ಹೊರಟರೆ ಊರು ಮುಗಿಯುವ ಹೊತ್ತಿಗೆ ಎಡಗಡೆ ನಾಲ್ಕು ಮಳಿಗೆಯ ಒಂದು ಸಾಲು ಬರುತ್ತದೆ. ಕೊನೆಯದು ಆಗ 'ವಾಹಿದ್ ಕುಶನ್ ವರ್ಕ್ಸ್'. ಟ್ರಾಕ್ಟರು ಸೀಟು, ಆಟೋ ಸೀಟು, ಖಾಸಗಿ ಬಸ್ಸಿನ ಹರಿದ ಸೀಟು, ಮದುವೆ ಗೊತ್ತಾದವರ ಸೋಫಾ, ಎಲ್ಲಕ್ಕೂ ಸ್ಪಂಜು ತುಂಬಿ ಹೊಲಿದು ಕೊಡುವ ಅಂಗಡಿ. ಹೆಸರು ಗಂಡ ಅಬ್ದುಲ್ ವಾಹಿದ್‌ದು. ಹೊಲಿಗೆ ಮೊದಲಿನಿಂದಲೂ ಹೆಂಡತಿಯದು. ವಾಹಿದ್ ಅಳತೆ ತೆಗೆಯುತ್ತಿದ್ದರು, ಗಿರಾಕಿಯ ಜೊತೆ ನಗುತ್ತಿದ್ದರು, ಮೊಳೆ ಹೊಡೆಯುತ್ತಿದ್ದರು. ದಪ್ಪ ರೆಗ್ಜಿನ್ನಿನ ಮೇಲೆ ದಾರಿ ತಪ್ಪದ ಜೋಡಿ ಹೊಲಿಗೆ ಎಳೆಯುತ್ತಿದ್ದದ್ದು ಕಮರುನ್ನೀಸಾ. ಅವರು ಹೊಲಿದ ಟ್ರಾಕ್ಟರು ಸೀಟು ಮೂರು ಮಳೆಗಾಲ ತಡೆಯುತ್ತದೆ ಅಂತ ಮೆಕ್ಯಾನಿಕ್ ಕೆಂಪಣ್ಣ ಬಾಜಿ ಕಟ್ಟುತ್ತಿದ್ದ.

ಹತ್ತೊಂಬತ್ತು ವರ್ಷದ ಹಿಂದೆ ಅದು ಅಂಗಡಿಯಾಗಿರಲಿಲ್ಲ, ಚಿಕ್ಕಬೋರಮ್ಮನವರ ದನದ ಕೊಟ್ಟಿಗೆ. ಮೂರು ಗೋಡೆ, ಮೇಲೆ ನಾಡಹೆಂಚು, ಮುಂದೆ ಬಟಾಬಯಲು, ನೆಲ ಗಂಜಲ ಕುಡಿದ ಮಣ್ಣು. ದನ ಮಾರಿದ ಮೇಲೆ ಸುಮ್ಮನೆ ಬಿದ್ದಿತ್ತು. ವಾಹಿದ್ ಬಂದು ಕೇಳಿದಾಗ ಚಿಕ್ಕಬೋರಮ್ಮ, "ಕೊಟ್ಟಿಗೇಲಿ ಏನ್ ಯಾಪಾರ ಮಾಡೀಯೋ ಸಾಬಣ್ಣ, ನಿನ್ ಇಷ್ಟ" ಅಂದು ಕೊಟ್ಟರು. ವಾಹಿದ್ ಶಟರು ಹಾಕಿಸಿದರು, ನೆಲಕ್ಕೆ ಕಡಪಾ ಕಲ್ಲು ಹಾಸಿಸಿದರು, ಒಳಗೆ ವೈರಿಂಗು ಎಳೆಸಿದರು. ಹೊರಗೆ ಹತ್ತು ಅಡಿ ಚಾಚುವ ಹಾಗೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಷೀಟು ಹೊದಿಸಿದರು. ಮೊದಲ ಕರಾರು ಬರೆದ ಟೈಪಿಂಗಿನವನು ಇದನ್ನೆಲ್ಲ ಒಂದು ಸಾಲಿನಲ್ಲಿ ಕಟ್ಟಿಹಾಕಿದ್ದ: ಬಾಡಿಗೆದಾರರು ಸ್ವಂತ ಖರ್ಚಿನಲ್ಲಿ ಹಾಕಿಸಿದ್ದನ್ನು ಖಾಲಿ ಮಾಡುವಾಗ ಬಿಚ್ಚಿಕೊಂಡು, 'ಮುಂಭಾಗ ಬಾಗಿಲಿಲ್ಲದ ಕೊಟ್ಟಿಗೆ'ಯನ್ನು ಮೊದಲಿದ್ದ ಸ್ಥಿತಿಯಲ್ಲಿ ಒಪ್ಪಿಸತಕ್ಕದ್ದು. ಆಮೇಲೆ ಹನ್ನೊಂದು ಹನ್ನೊಂದು ತಿಂಗಳಿಗೆ ಒಂದರಂತೆ ಕರಾರು ಬಂದವು. ಪ್ರತಿ ಸಲವೂ ಟೈಪಿಂಗಿನವನು ತಾರೀಕು ಬದಲಾಯಿಸಿ ಉಳಿದದ್ದನ್ನು ಹಾಗೇ ಹೊಡೆದುಕೊಟ್ಟ. ಆ ಸಾಲು ಇದ್ದಲ್ಲೇ ಇತ್ತು. ಯಾರೂ ಓದಲಿಲ್ಲ.

ಯಾಕೆ ಓದಬೇಕು? ಉತ್ತರ ಬೇರೆ ರೀತಿ ನಡೆಯುತ್ತಿತ್ತು. ಕರಾರು ಮುಗಿಯಲು ತಿಂಗಳಿರುವಾಗ ಚಿಕ್ಕಬೋರಮ್ಮ ಕೇಳುತ್ತಿದ್ದರು, "ಇರ್ತೀಯೇನಪ್ಪ ಮುಂದಕ್ಕೂ?" ವಾಹಿದ್ ಬಾಯಲ್ಲಿ ಏನೂ ಹೇಳುತ್ತಿರಲಿಲ್ಲ. ಎರಡು ದಿನ ಬಿಟ್ಟು ಹೊಸ ಸ್ಟಾಂಪ್ ಪೇಪರ್ ತಂದು, ಅದರ ಮೇಲೆ ಒಂದು ಕಟ್ಟು ವೀಳ್ಯದೆಲೆ, ಎರಡು ಬಟ್ಟಲಡಿಕೆ ಇಟ್ಟು ಅವರ ಕೈಗೆ ಕೊಡುತ್ತಿದ್ದರು. ಮುದುಕಿ ಎಲೆ ತೊಗೊಂಡರೆ ಮುಗಿಯಿತು. ಎಲೆ ಅಡಿಕೆ ಕೈ ಬದಲಾದ ಮೇಲೆ ಮಾತು ಬದಲಾಗುವುದಿಲ್ಲ, ಅದು ಈ ಕಡೆಯ ಕಾನೂನು. ನಾಲ್ಕು ವರ್ಷದ ಹಿಂದೆ ಖಾತೆ ಮಗ ಶಿವಣ್ಣನ ಹೆಸರಿಗೆ ಆಯಿತು. ಸಹಿ ಅವನು ಹಾಕತೊಡಗಿದ. ಎಲೆ ಮಾತ್ರ ಮುದುಕಿಯ ಕೈಗೇ ಹೋಗುತ್ತಿತ್ತು.

ಹೋದ ವರ್ಷ ಜನವರಿ ಒಂದರಂದು ವಾಹಿದ್ ತೀರಿಕೊಂಡರು. ಕಮರುನ್ನೀಸಾ ಇದ್ದತ್ ಕೂತರು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೊರಗೆ ಬರುವಂತಿಲ್ಲ, ಪರಗಂಡಸರ ಎದುರು ನಿಲ್ಲುವಂತಿಲ್ಲ. ಅವರು ಹೊಲಿಗೆ ಮಿಷನ್ನು ಮನೆಗೆ ತರಿಸಿಕೊಂಡರು. ಅಂಗಡಿ ಬಾಗಿಲು ಸುಮಯ್ಯ ತೆಗೆಯುತ್ತಿದ್ದಳು.

ಆ ವರ್ಷ ಏಪ್ರಿಲ್ ಮೂವತ್ತಕ್ಕೆ ಕರಾರು ಮುಗಿಯಬೇಕಿತ್ತು. ಮಾರ್ಚ್ ಕೊನೆಗೆ ಶಿವಣ್ಣನಿಂದ ವಾಟ್ಸ್ಯಾಪ್ ಬಂತು. ಬಂದದ್ದು ಸತ್ತವರ ಫೋನಿಗೆ. 'ಮುಂದುವರಿಸುತ್ತೀರೋ ಇಲ್ಲವೋ 15ರೊಳಗೆ ತಿಳಿಸಿ. ಉತ್ತರ ಬಾರದಿದ್ದರೆ ಖಾಲಿ ಮಾಡುತ್ತೀರಿ ಎಂದು ತಿಳಿಯಲಾಗುವುದು.' ಕಮರುನ್ನೀಸಾ ಹತ್ತನೇ ತಾರೀಕಿಗೇ ಸ್ಟಾಂಪ್ ಪೇಪರ್ ತರಿಸಿದರು. ಎಲೆ ತರಿಸಿದರು. ಎರಡನ್ನೂ ಸುಮಯ್ಯನ ಕೈಲಿ ಚಿಕ್ಕಬೋರಮ್ಮನಿಗೆ ಮುಟ್ಟಿಸಿದರು. ಮುದುಕಿ ಎಲೆ ತೊಗೊಂಡು, "ಇರಿ ಕಣವ್ವ, ಎಲ್ಲಿಗೋದೀರಿ" ಅಂದರಂತೆ. ಗಂಡ ಅಷ್ಟು ವರ್ಷ ಮಾಡಿದ ಹಾಗೇ ಹೆಂಡತಿ ಮಾಡಿದ್ದರು. ತಪ್ಪು ಅಂದರೆ ಅದೊಂದೇ.

ಮೇ ಒಂದರ ಬೆಳಿಗ್ಗೆ ಸುಮಯ್ಯ ಹೋದಾಗ ಶಟರಿಗೆ ಎರಡು ಬೀಗ ಇದ್ದವು. ಒಂದು ತಮ್ಮದು, ಒಂದು ಶಿವಣ್ಣನದು. ಒಳಗೆ ಮದುವೆಗೆ ಮೂರು ದಿನವಿದ್ದ ಮನೆಯವರ ಸೋಫಾ. ಅವರು ಬಂದು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. ಇಪ್ಪತ್ಮೂರರ ಸುಮಯ್ಯ ಮಧ್ಯರಸ್ತೆಯಲ್ಲಿ ಅಳುತ್ತ ನಿಂತಿದ್ದಳು. ಸುದ್ದಿ ಮುಟ್ಟಿದಾಗ ಕಮರುನ್ನೀಸಾ ಎದ್ದರು. ಇದ್ದತ್ ಮುಗಿಯಲು ಇನ್ನೂ ಒಂದು ವಾರ ಬಾಕಿ. ಬುರ್ಖಾ ಹಾಕಿಕೊಂಡು ಬೀದಿಗೆ ಬಂದುಬಿಟ್ಟರು.

"ಶಿವಣ್ಣೋರೆ, ಎಲೆ ಅಡಿಕೆ ಕೊಟ್ಟೀವಲ್ಲ. ಪೇಪರ್ ಕೊಟ್ಟೀವಲ್ಲ ಅವ್ವನ ಕೈಗೆ."

"ಯಾರ್ ಕೈಗೆ? ಖಾತೆ ಯಾರ ಎಸರಲ್ಲಿ ಅದೆ ಬೂಬಮ್ಮ? ನಂಗೆ ಒಂದಕ್ಷರ ಉತ್ತರ ಬಂದಿಲ್ಲ." ಶಿವಣ್ಣ ಸುತ್ತ ನಿಂತವರ ಕಡೆ ತಿರುಗಿ ನಕ್ಕ. "ಎಲೆ ಅಡಿಕೆ ಓದಾಕೆ ಬತ್ತದಾ ಯಾರಿಗಾದ್ರೂ? ಕಾಗದ ಕೊಡ್ಬೇಕು ಕಾಗದ!"

ನಾಲ್ಕೈದು ಜನ ನಕ್ಕರು. ಚಿಕ್ಕಬೋರಮ್ಮ ಆ ತಗಡಿನ ನೆರಳಲ್ಲೇ, ಕಲ್ಲುಬೆಂಚಿನ ಮೇಲೆ ಕೂತಿದ್ದರು. ದಿನವೂ ಕೂರುತ್ತಿದ್ದ ಜಾಗ. ಕಮರುನ್ನೀಸಾ ಅವರ ಮುಖ ನೋಡಿದರು. ಮುದುಕಿ ಸೆರಗಿನ ಗಂಟು ಬಿಚ್ಚುತ್ತ, ಕಟ್ಟುತ್ತ ಕೂತರು. ಬಾಯಿ ಬಿಡಲಿಲ್ಲ. ಸ್ಕೂಟರಿನಿಂದ ಕಳಚಿದ ಸೀಟು ಹಿಡಿದು ಹೊಲಿಸಲು ಬಂದಿದ್ದ ನಾನೂ ಬಿಡಲಿಲ್ಲ, ಬಸ್ಸಿಗೆ ಹೊತ್ತಾಯಿತು ಅಂದುಕೊಂಡು ಹೊರಟೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ಪೊಲೀಸಿನವರ ಹತ್ತಿರ ಹೋದರು. ಅಲ್ಲಿನ ದಫೇದಾರ ಎಲ್ಲ ಕೇಳಿ, "ಇದು ಸಿವಿಲ್ ಮ್ಯಾಟ್ರು ಕಣಮ್ಮ, ಕೋರ್ಟಿಗೋಗಿ" ಅಂದ. ಕರಾರು ಮುಗಿದರೂ ಬಾಡಿಗೆದಾರರನ್ನು ಬೀಗ ಹಾಕಿ ಹೊರಗೆ ತಳ್ಳುವಂತಿಲ್ಲ, ಬಿಡಿಸಬೇಕಾದರೆ ಶಿವಣ್ಣನೇ ಕೋರ್ಟಿಗೆ ಹೋಗಬೇಕು ಅಂತ ಆ ಹೆಂಗಸಿಗೆ ಯಾರೂ ಹೇಳಲಿಲ್ಲ. ಕೋರ್ಟು ತೀರ್ಪು ಕೊಡುವಷ್ಟು ದಿನ ಮದುವೆ ಸೋಫಾ ಕಾಯುವುದೂ ಇಲ್ಲ. ಮಾರನೆಯ ದಿನ ಶಿವಣ್ಣ ಹೇಳಿದಷ್ಟು ಏರಿಸಿದ ಬಾಡಿಗೆಗೆ, ಅವನು ತಂದ ಪೇಪರಿಗೆ, ಅವನ ಜಗಲಿಯ ಕೆಳಗೆ ನಿಂತು ಸಹಿ ಹಾಕಿದರು. ಶಿವಣ್ಣ ಬೀಗ ತೆಗೆದು, ಹೊಲಿಗೆ ಮೇಜಿನ ಮೇಲೆ ಠಣ್ ಅಂತ ಎಸೆದ.

"ಇಟ್ಕೊ ಬೂಬಮ್ಮ. ಮುಂದಿನ ಸಲಕ್ಕೂ ಬೇಕಾಯ್ತದೆ."

ಇಟ್ಟುಕೊಂಡರು.

ಮುಂದಿನ ಸಲ ಬಂದದ್ದು ಈ ವರ್ಷದ ಮಾರ್ಚಿಗೆ. ಕರಾರು ಮೂವತ್ತೊಂದಕ್ಕೆ ಮುಗಿಯಬೇಕು. ಒಂದನೇ ತಾರೀಕಿಗೆ ಶಿವಣ್ಣನ ಅಕ್ಕನ ಮಗ ಸಂತೋಷ್ ಒಂದು ಕಾಗದ ತಂದುಕೊಟ್ಟ. ಈ ಸಲ ಕಂಪ್ಯೂಟರಿನಲ್ಲಿ ಹೊಡೆಸಿದ್ದು. ಅದೇ ಮಾತು: ನವೀಕರಿಸುತ್ತೀರೋ ಇಲ್ಲವೋ, ಹದಿನೈದರೊಳಗೆ ತಿಳಿಸುವುದು. ಸಂತೋಷ್ ಕಾಗದ ಕೊಟ್ಟವನು ಹೋಗಲಿಲ್ಲ. ಮೊಬೈಲ್ ಅಂಗಡಿ ಹಾಕುವ ಆಸೆ ಅವನಿಗೆ. ಶಟರಿನ ಅಗಲ ಕಣ್ಣಲ್ಲೇ ಅಳೆದ. ಕಡಪಾ ಕಲ್ಲನ್ನು ಬೂಟಿನ ತುದಿಯಲ್ಲಿ ಉಜ್ಜಿ ನೋಡಿದ.

"ಪಾಲೀಶ್ ಒಡಿಸಿದ್ರೆ ಒಸಾ ತರ ಆಯ್ತದೆ ಅಲ್ವಾ ಆಂಟಿ?"

"ಆಯ್ತದಪ್ಪ. ಒಳ್ಳೆ ಕಲ್ಲು. ನಮ್ಮನೆಯೋರು ಆಂಧ್ರದ ಬೇತಂಚೆರ್ಲವರೆಗೂ ಓಗಿ ತಂದಿದ್ರು" ಅಂದರು ಕಮರುನ್ನೀಸಾ.

ರಂಜಾನ್ ತಿಂಗಳು. ಆ ಸಂಜೆ ಉಪವಾಸ ಬಿಟ್ಟ ಮೇಲೆ ತಾಯಿ ಮಗಳಿಗೆ ಜಗಳ ಹತ್ತಿತು.

"ಅಮ್ಮಿ, ಸುಮ್ನೆ ಹೂಂ ಅಂತ ಬರೆದು ಕೊಡೋಣ. ಈ ಸಲ ಕಾಗದದಲ್ಲೇ, ಅವನ ಕೈಗೇ. ಬೀಗ ಹಾಕೋಕೆ ಆಗಲ್ಲ."

"ಬೀಗ ಹಾಕಲ್ಲ. ಬಾಡಿಗೆ ಏರಿಸ್ತಾನೆ. ಮತ್ತೆ ಜಗಲಿ ಕೆಳಗೆ ನಿಲ್ಲಿಸ್ತಾನೆ."

"ನಿಂತ್ಕೋತೀವಿ. ಇನ್ನೆಲ್ಲಿ ಹೋಗ್ತೀಯಾ? ನಮಗೆ ಅಂತ ಅಂಗಡಿ ಕೊಡೋರು ಎಷ್ಟು ಜನ ಇದಾರೆ ಹೇಳು. ಗಿರಾಕಿ ಎಲ್ಲ ಆ ಷೀಟು ನೋಡ್ಕೊಂಡೇ ಬರೋದು. ಅಬ್ಬಾ ಹಾಕಿಸಿದ್ದು ಅದು!"

"ಅದಕ್ಕೇ ಬಿಟ್ಟು ಬರಲ್ಲ."

ಸುಮಯ್ಯನಿಗೆ ಅರ್ಥವಾಗಲಿಲ್ಲ. ಕಮರುನ್ನೀಸಾ ಟ್ರಂಕಿನಿಂದ ಹಳೆಯ ಕರಾರುಗಳ ಕಟ್ಟು ತೆಗೆದು ಅವಳ ಮುಂದೆ ಹಾಕಿದರು. "ಓದು. ಒಂದೊಂದು ಸಾಲೂ ಓದು. ಹೋದ ಸಲ ನಾವು ಓದಲಿಲ್ಲ." ಹುಡುಗಿ ಓದುತ್ತ ಹೋದಳು. 'ಬಿಚ್ಚಿಕೊಂಡು' ಅನ್ನುವ ಸಾಲಿಗೆ ಬಂದಾಗ ತಾಯಿ, "ನಿಲ್ಲಿಸು. ಇನ್ನೊಂದು ಸಲ" ಅಂದರು. ಹೋದ ವರ್ಷ ಶಿವಣ್ಣನೇ ತಂದ ಪೇಪರಿನಲ್ಲೂ ಆ ಸಾಲು ಇತ್ತು. ಬಾಡಿಗೆ ಏರಿಸುವ ಆತುರದಲ್ಲಿ ಅವನೂ ತಾರೀಕು, ಮೊತ್ತ ಎರಡನ್ನೇ ಬದಲಾಯಿಸಿ ಹೊಡೆಸಿದ್ದ.

ಮಾರನೆಯ ದಿನ ಕಮರುನ್ನೀಸಾ ಕೆಂಪಣ್ಣನ ಗ್ಯಾರೇಜಿಗೆ ಹೋದರು. ಮಂಡ್ಯ ರಸ್ತೆಯಲ್ಲಿ ಅವನದು ಟ್ರಾಕ್ಟರು ರಿಪೇರಿ. ಪಕ್ಕದಲ್ಲಿ ಹಳೆ ಟೈರು ತುಂಬಿದ ಒಂದು ಷೆಡ್ಡು.

"ಕೆಂಪಣ್ಣ, ಈ ಷೆಡ್ಡು ಬಾಡಿಗೆಗೆ ಕೊಡ್ತೀಯಾ?"

"ನಿಮ್ಗಾ ಕಮರಕ್ಕ? ಟೈರು ಎಸೆದು ಇವತ್ತೇ ಕೊಡ್ತೀನಿ. ಸೀಟು ಒಲ್ಸಾಕೆ ನಾನು ದೇವಲಾಪುರ ರಸ್ತೆಗಂಟ ಓಗೋದು ತಪ್ತದೆ." ಎಣ್ಣೆ ಕೈ ಒರೆಸಿಕೊಂಡು ಕೇಳಿದ, "ಎಲೆ ಅಡಿಕೆ ತರ್ಲಾ?"

"ಬ್ಯಾಡ. ಪೇಪರ್ ತಾ."

ಮೂರು ದಿನದಲ್ಲಿ ಪೇಪರ್ ಆಯಿತು. ಈ ವಿಷಯ ಹದಿನೈದರವರೆಗೆ ಯಾರ ಕಿವಿಗೂ ಬೀಳಬಾರದು ಅಂತ ಮಾತಾಯಿತು. ಗ್ಯಾರೇಜಿನವನ ಹೊಟ್ಟೆಯಲ್ಲಿ ಮಾತು ನಿಂತದ್ದೇ ಒಂದು ಪವಾಡ.

ಇನ್ನು ಉತ್ತರ. ಸುಮಯ್ಯ ಬರೆದಳು, ತಾಯಿ ಹೇಳಿದರು. ಕರಾರನ್ನು ನವೀಕರಿಸುವುದಿಲ್ಲ. ಮೂವತ್ತೊಂದಕ್ಕೆ ಖಾಲಿ ಮಾಡುತ್ತೇವೆ. ಕರಾರಿನ ಒಂಬತ್ತನೇ ಷರತ್ತಿನಂತೆ ನಾವು ಹಾಕಿಸಿದ ಶಟರು, ನೆಲದ ಕಲ್ಲು, ವೈರಿಂಗು, ಮುಂದಿನ ಷೀಟು ಮತ್ತು ಕಂಬಗಳನ್ನು ಬಿಚ್ಚಿಕೊಂಡು ಮೊದಲಿದ್ದ ಸ್ಥಿತಿಯಲ್ಲಿ ಒಪ್ಪಿಸುತ್ತೇವೆ. ಅಡ್ವಾನ್ಸನ್ನು ಅಂದೇ ಹಿಂತಿರುಗಿಸುವುದು. ಎರಡು ಪ್ರತಿ. ಒಂದು ಅವನಿಗೆ, ಒಂದರ ಮೇಲೆ ಅವನ ಸಹಿ.

ಸುಮಯ್ಯ ಪೋಸ್ಟಿನಲ್ಲಿ ಕಳಿಸೋಣ ಅಂದಳು. ತಾಯಿ ಒಪ್ಪಲಿಲ್ಲ. "ನಾಲ್ಕು ಜನರ ಮುಂದೆ ನಗಿಸಿದ್ದಾನೆ. ನಾಲ್ಕು ಜನರ ಮುಂದೇನೆ ಕೊಡ್ಬೇಕು."

ಹದಿನೈದನೇ ತಾರೀಕು ಭಾನುವಾರ. ಬೆಳಿಗ್ಗೆ ಊರಿನ ಹಾಲಿನ ಡೇರಿ ಮುಂದೆ ಕ್ಯಾನು ಹಿಡಿದ ಜನ ಸಾಲಾಗಿ ನಿಂತಿದ್ದರು. ಶಿವಣ್ಣ ಡೇರಿಯ ಡೈರೆಕ್ಟರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಹಾಲಿಗೆ ನೀರು ಬೆರೆಸುವವರ ವಂಶವನ್ನು ಜಾಲಾಡುತ್ತಿದ್ದ. ಕಮರುನ್ನೀಸಾ ಸ್ಟೀಲ್ ತಟ್ಟೆಯಲ್ಲಿ ಒಂದು ಕಟ್ಟು ವೀಳ್ಯದೆಲೆ, ಎರಡು ಬಟ್ಟಲಡಿಕೆ, ಕೆಳಗೆ ಮಡಚಿದ ಎರಡು ಹಾಳೆ ಇಟ್ಟುಕೊಂಡು ಬಂದು ನಿಂತರು.

ಎಲೆ ನೋಡಿದ್ದೇ ಶಿವಣ್ಣನ ಮುಖ ಅರಳಿತು.

"ನೋಡ್ರಪ್ಪಾ! ಓದ್ ವರ್ಸ ಒಂದ್ ಬೀಗ ಹಾಕ್ದೆ, ಈ ವರ್ಸ ತಾರೀಕಿಗೆ ಸರಿಯಾಗಿ ಬಂದವ್ರೆ. ಬುದ್ಧಿ ಬರ್ಬೇಕು ಅಂದ್ರೆ ಇಂಗೇ ಬರ್ಬೇಕು."

ಸಾಲಿನಲ್ಲಿ ನಗು. ಕಮರುನ್ನೀಸಾ ತಲೆ ಬಗ್ಗಿಸಿಯೇ ಇದ್ದರು.

"ಕಾಗದ ಕೊಡ್ಬೇಕು ಅಂದಿದ್ರಿ ಶಿವಣ್ಣೋರೆ. ತಂದಿದೀನಿ. ಒಂದ್ ಕಿತ ಓದ್ಬುಡಿ."

"ಓದೋದೇನದೆ ಬುಡಮ್ಮ, ಎಲೇನೇ ಯೋಳ್ತಾ ಅದಲ್ಲ!" ಅವನು ಎಲೆಯ ಕಟ್ಟಿನಿಂದ ಒಂದನ್ನು ಎಳೆದು, ಬೆನ್ನಿನ ನಾರು ಸುಲಿದು, ಅಡಿಕೆ ಚೂರು ಇಟ್ಟು ಬಾಯಿಗೆ ಹಾಕಿಕೊಂಡ. "ನೀನೂ ಆಕ್ಕೊ."

"ಉಪವಾಸ."

"ಅಯ್ಯೋ, ಹೌದಲ್ವಾ. ಎಲ್ಲಿ ಸಹಿ?"

"ಇಲ್ಲಿ. ಓದಿ ಒಪ್ಪಿದೆ ಅಂತ ಬರ್ದು, ತಾರೀಕು ಆಕಿ."

ಡೇರಿ ಲೆಕ್ಕ ಬರೆಯುವ ರಂಜಿತಳ ಪೆನ್ನು ಇಸಿದುಕೊಂಡು ಶಿವಣ್ಣ ತೊಡೆಯ ಮೇಲೆ ಹಾಳೆ ಇಟ್ಟು ದಪ್ಪ ಅಕ್ಷರದಲ್ಲಿ ಬರೆದ: ಓದಿ ಒಪ್ಪಿದೆ. ಸಹಿ. ತಾರೀಕು. ಬರೆಯುವಾಗ ಕೆಂಪು ರಸ ತುಟಿಯ ಅಂಚಿಗೆ ಬಂದಿತ್ತು. ಒಂದು ಪ್ರತಿ ಜೇಬಿಗೆ ಹಾಕಿಕೊಂಡ. ಇನ್ನೊಂದನ್ನು ಕಮರುನ್ನೀಸಾ ತಟ್ಟೆಯಲ್ಲಿ ಇಟ್ಟುಕೊಂಡು, ಸಲಾಂ ಹೇಳಿ, ಅದೇ ನಡಿಗೆಯಲ್ಲಿ ಹೊರಟರು. ಅಂಗಡಿಗೆ ಬಂದು ಕೂತ ಮೇಲೆ ಸೂಜಿಗೆ ದಾರ ಪೋಣಿಸಲು ಮಾತ್ರ ಏಳು ಸಲ ಬೇಕಾಯಿತಂತೆ.

ಶಿವಣ್ಣನ ಮಗಳು ಶ್ವೇತ ಶರ್ಟು ಒಗೆಯಲು ಹಾಕುವಾಗ ಜೇಬಿನ ಹಾಳೆ ಓದಿದಳು.

"ಅಪ್ಪಾ, ಅವ್ರು ಇರಾಕಿಲ್ಲ ಅಂತ ಬರ್ದವ್ರೆ. ಖಾಲಿ ಮಾಡ್ತಾರಂತೆ."

ಶಿವಣ್ಣ ಕೂತಲ್ಲಿಂದ ಎದ್ದು ಮತ್ತೆ ಕೂತ. ಆಮೇಲೆ, "ಓಗ್ಲಿ ಬುಡು, ಪೀಡೆ ಕಳೀತು. ಸಂತೋಸಂಗೆ ಕೊಟ್ರಾಯ್ತು. ಮೊಬೈಲ್ ಅಂಗಡಿಗೆ ಬಾಡ್ಗೆ ಜಾಸ್ತಿನೇ ಬತ್ತದೆ."

"ಶಟರು, ಕಲ್ಲು ಎಲ್ಲಾ ಬಿಚ್ಕೊಂಡು ಓಯ್ತೀವಿ ಅಂತಾನೂ ಅದೆ."

"ಬರ್ದಿರ್ತಾಳೆ ಕಣ್ ಬುಡು ಕ್ವಾಪಕ್ಕೆ. ಇಬ್ರು ಎಂಗಸ್ರು ಶಟರು ಕಿತ್ಕೊಂಡೋದಾರಾ?"

ಸಂತೋಷ್ ಅಂದೇ ಕಾರ್ಡು ಹೊಡೆಸಿದ. ಏಪ್ರಿಲ್ ಮೂರು, ಶುಕ್ರವಾರ, ಬೆಳಿಗ್ಗೆ ಪ್ರಾರಂಭೋತ್ಸವ, ತಾವೆಲ್ಲರೂ ಬರಬೇಕು. ಪಾಂಡವಪುರದ ನೆಂಟರಿಗೆ, ಕೆ.ಆರ್. ಪೇಟೆಯ ಗೆಳೆಯರಿಗೆ ಹಂಚಿ ಬಂದ. ಒಂದು ಕಾರ್ಡು ಕಮರುನ್ನೀಸಾಗೂ ಕೊಟ್ಟ. ಅವರು ಅದನ್ನು ದಾರದ ಡಬ್ಬಿಯಲ್ಲಿ, ಬೀಗದ ಪಕ್ಕ ಇಟ್ಟರು.

ಹಬ್ಬ ಕಳೆಯಿತು. ಮೂವತ್ತಕ್ಕೆ ಮಿಷನ್ನು, ಸ್ಪಂಜು, ರೆಗ್ಜಿನ್ ಸುರುಳಿ ಎಲ್ಲ ಕೆಂಪಣ್ಣನ ಟ್ರಾಕ್ಟರಿನಲ್ಲಿ ಮಂಡ್ಯ ರಸ್ತೆಗೆ ಹೋದವು. ಮೂವತ್ತೊಂದರ ಬೆಳಿಗ್ಗೆ ಏಳಕ್ಕೆ ಕೆಂಪಣ್ಣ ಗ್ಯಾಸ್ ಕಟ್ಟರಿನ ಜೊತೆ ಬಂದ. ಗಾರೆಯವರು ಇಬ್ಬರು ಹಾರೆ ಹಿಡಿದು ಬಂದರು. ಲೈನಿನ ಕೆಲಸ ಬಲ್ಲ ಜಫರ್ ಮೊದಲು ಮೇನ್ ಆಫ್ ಮಾಡಿದ. ಮೀಟರು, ಮೇನ್ ಸ್ವಿಚ್ಚು ಮಾಲೀಕರದು, ಮುಟ್ಟಲಿಲ್ಲ. ಆಚೆಗಿನ ವೈರು, ಹೋಲ್ಡರು, ಫ್ಯಾನು, ಒಂದೊಂದೂ ಸುತ್ತಿ ಚೀಲಕ್ಕೆ. ಎಂಟೂವರೆಗೆ ಶಟರಿನ ರೋಲು ಕೆಳಗಿಳಿಯಿತು. ಕಡಪಾ ಕಲ್ಲು ಒಂದೊಂದಾಗಿ ಎದ್ದವು. ಕೆಳಗೆ ಹತ್ತೊಂಬತ್ತು ವರ್ಷ ಗಾಳಿ ಕಾಣದ ಮಣ್ಣು. ಕಲ್ಲು ಎತ್ತಿದಾಗ ಎರಡು ಒಡೆದವು. ಒಡೆದದ್ದನ್ನೂ ಬಿಡಬೇಡಿ ಅಂದರು ಕಮರುನ್ನೀಸಾ.

ಹತ್ತು ಗಂಟೆಗೆ ಶಿವಣ್ಣ ಬೈಕಿನಲ್ಲಿ ಬಂದ. ಹಿಂದೆ ಸಂತೋಷ್. ಜನ ಆಗಲೇ ಸೇರಿದ್ದರು.

"ಏಯ್! ಏನ್ ಮಾಡ್ತಾ ಇದೀರ್ಲಾ? ಲೇ ಕೆಂಪ, ಇಳಿಯೋ ಕೆಳಿಕ್ಕೆ! ನನ್ ಬಿಲ್ಡಿಂಗು ಅದು!"

"ಬಿಲ್ಡಿಂಗು ನಿಂದೇ ಕಣ್ಲಾ ಶಿವಣ್ಣ, ಅಲ್ಲೇ ಅದೆ. ಮೂರ್ ಗೋಡೆ, ಎಂಚು. ಎಣಿಸ್ಕೊ."

ಶಿವಣ್ಣ ಪೊಲೀಸಿಗೆ ಫೋನು ಹಾಕಿದ. ಬಂದವನು ಅದೇ ದಫೇದಾರ. ಕಮರುನ್ನೀಸಾ ಎರಡು ಹಾಳೆ ಕೊಟ್ಟರು, ಕರಾರು ಮತ್ತು ಉತ್ತರದ ಪ್ರತಿ. ಅವನು ಒಂಬತ್ತನೇ ಷರತ್ತು ಓದಿದ. ಕೆಳಗಿನ ದಪ್ಪ ಅಕ್ಷರ ನೋಡಿದ.

"ಇದು ನಿಮ್ ಸಹಿ ತಾನೆ?"

"ನಂದೇ. ಆದ್ರೆ ನಾನು ಓದಿರ್ಲಿಲ್ಲ ಸಾರ್."

"ಓದಿ ಒಪ್ಪಿದೆ ಅಂತ ನೀವೇ ಬರ್ದಿದೀರಲ್ರೀ." ಹಾಳೆ ಮಡಚಿ ವಾಪಸ್ ಕೊಟ್ಟ. "ಇದು ಸಿವಿಲ್ ಮ್ಯಾಟ್ರು. ಕೋರ್ಟಿಗೋಗಿ."

ಆ ಮಾತು ಬಿದ್ದಾಗ ಕಮರುನ್ನೀಸಾ ಕಣ್ಣು ಮುಚ್ಚಿಕೊಂಡರು. ಕೆಲವರು ಊಟದ ಮೊದಲ ತುತ್ತಿಗೆ ಹಾಗೆ ಮುಚ್ಚುತ್ತಾರೆ.

"ಎಲೆ ಅಡಿಕೆ ಕೊಟ್ಟು ಮೋಸ ಮಾಡ್ದೆ ನೀನು!" ಶಿವಣ್ಣ ಕೂಗಿದ. "ಎಲೆ ತಂದ್ರೆ ಇರ್ತೀನಿ ಅಂತ ತಾನೆ ಅರ್ಥ? ಯಾವನ್ನಾದ್ರೂ ಕೇಳು!"

"ಎಲೆ ಅಡಿಕೆ ಓದಾಕೆ ಬತ್ತದಾ ಅಂತ ನೀವೇ ಕೇಳಿದ್ರಲ್ಲ ಶಿವಣ್ಣೋರೆ, ಇದೇ ಜಾಗ್ದಲ್ಲಿ." ದನಿ ಏರಲಿಲ್ಲ. "ಕಾಗದ ಕೊಡ್ಬೇಕು ಅಂದ್ರಿ. ಕೊಟ್ಟೆ. ಓದಿ ಅಂತಾನೂ ಅಂದೆ."

ಹೋದ ವರ್ಷ ನಕ್ಕಿದ್ದ ನಾಲ್ಕೈದು ಜನ ಈ ಸಲವೂ ನಕ್ಕರು. ಅದೇ ಹಲ್ಲುಗಳು. ಆ ಜನರ ಬಗ್ಗೆ ನನಗೆ ಗೌರವ ಹೆಚ್ಚೇನೂ ಆಗಲಿಲ್ಲ. ನಗು ಯಾರ ಕಡೆ ವಾಲುತ್ತದೋ ಅವರದೇ ನ್ಯಾಯ ಅನ್ನುವವರು ಅವರು.

ಅಡ್ವಾನ್ಸು ಶ್ವೇತ ಮನೆಯಿಂದ ತಂದು ಕೊಟ್ಟಳು. ಅವಳಿಗೆ ನಾಚಿಕೆಯಾಗಿತ್ತು, ತಲೆ ಎತ್ತಲಿಲ್ಲ. ಸಂತೋಷ್ ಕಾರ್ಡು ಹಂಚಿದವರಿಗೆಲ್ಲ ಫೋನು ಮಾಡುತ್ತ ರಸ್ತೆಯ ಆಚೆ ಬದಿ ಅಡ್ಡಾಡುತ್ತಿದ್ದ.

"ಬೀಗದ ಕೈ ಒಪ್ಪಿಸು" ಅಂದ ಶಿವಣ್ಣ. ಏನಾದರೂ ಒಂದು ಕೇಳಲೇಬೇಕಿತ್ತು ಅವನಿಗೆ.

ಕಮರುನ್ನೀಸಾ ದಾರದ ಡಬ್ಬಿಗೆ ಕೈ ಹಾಕಿದರು. ಆ ಬೀಗ ತೆಗೆದು ಅವನ ಅಂಗೈಗೆ ಇಟ್ಟರು. ಎಸೆಯಲಿಲ್ಲ, ಇಟ್ಟರು.

"ಕೈ ನಿಮ್ಮತ್ರಾನೇ ಅದೆ. ಬೀಗ ಇಲ್ಲಿ ಅದೆ. ಇನ್ನೊಂದ್ ಬಾಗಿಲು ಹಾಕಿಸ್ಕೊಳಿ, ಆಮೇಲೆ ಬೇಕಾಯ್ತದೆ."

ಇಲ್ಲಿಗೇ ನಿಲ್ಲಿಸಿದರೆ ಕತೆ ಚೆನ್ನಾಗಿರುತ್ತದೆ. ಆದರೆ ಷೀಟು ಇನ್ನೂ ಮೇಲಿತ್ತು. ಅದರ ನೆರಳಲ್ಲಿ, ಕಲ್ಲುಬೆಂಚಿನ ಮೇಲೆ, ಬೆಳಗಿನಿಂದ ಚಿಕ್ಕಬೋರಮ್ಮ ಕೂತೇ ಇದ್ದರು. ಎಂಬತ್ತು ದಾಟಿದ ಜೀವ. ಸೊಸೆಯ ಕಣ್ಣಿಗೆ ಬೀಳದೆ ಹಗಲು ಕಳೆಯಲು ಅವರಿಗಿದ್ದದ್ದು ಅದೊಂದು ನೆರಳು. ಕೆಂಪಣ್ಣ ಏಣಿ ಹಾಕಿ ಕಮರುನ್ನೀಸಾರ ಕಡೆ ನೋಡಿದ. "ಕಮರಕ್ಕ, ಇದೊಂದ್ ಬುಟ್ಬುಡನಾ?" ಸುಮಯ್ಯನೂ ಮೆಲ್ಲಗೆ, "ಅಮ್ಮಿ, ಪಾಪ" ಅಂದಳು.

ಮುದುಕಿ ಬಾಯಿ ತೆರೆದರು. "ಕಮರು, ನಾನೇನ್ ಮಾಡಿದ್ನೇ ನಿಂಗೆ?"

"ಏನೂ ಮಾಡ್ಲಿಲ್ಲ ಅವ್ವ. ಎಲೆ ಈಸ್ಕೊಂಡಿದ್ದು ನೀವು. ಇದ್ದತ್ತಿನಲ್ಲಿದ್ದೋಳು ಬೀದೀಲಿ ನಿಂತಿದ್ದಾಗ, ಈಸ್ಕೊಂಡೆ ಅನ್ನೋ ಒಂದ್ ಮಾತು ನಿಮ್ ಬಾಯಿಂದ ಬರ್ಲಿಲ್ಲ."

"ಮಗ ಕಣವ್ವ. ಅನ್ನ ಹಾಕೋನು."

"ಹೂಂ. ಅವ್ನೇ ನೆರಳೂ ಹಾಕ್ಸ್ಲಿ."

ಷೀಟು ಇಳಿಯಿತು. ಕಂಬ ಬುಡಕ್ಕೆ ಕತ್ತರಿಸಿದರು. ಹನ್ನೆರಡರ ಬಿಸಿಲು ಕಲ್ಲುಬೆಂಚಿನ ಮೇಲೆ ಒಮ್ಮೆಲೇ ಬಿತ್ತು. ಮುದುಕಿ ಸೆರಗು ತಲೆಗೆ ಎಳೆದುಕೊಂಡು ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಹೋದರು. ಕಮರುನ್ನೀಸಾ ಒಳಗಿನ ಮಣ್ಣು ಗುಡಿಸಿ, ನೀರು ಚಿಮುಕಿಸಿ, ಕೊಟ್ಟಿಗೆಯನ್ನು ಕೊಟ್ಟಿಗೆಯಾಗಿಯೇ ಒಪ್ಪಿಸಿ ಟ್ರಾಕ್ಟರು ಹತ್ತಿದರು. ಆ ಸಂಜೆ ಯಾರದೋ ಎಮ್ಮೆ ಒಳಗೆ ಬಂದು ಮಲಗಿತ್ತು. ಶುಕ್ರವಾರ ಸಂತೋಷ್ ಮಾಡಿದ ಫೋನು ಎತ್ತದೆ ಪಾಂಡವಪುರದಿಂದ ಬಂದ ನೆಂಟರು ಹೂವಿನ ಹಾರ ಹಿಡಿದುಕೊಂಡು ಎಮ್ಮೆಯ ಮುಂದೆ ನಿಂತಿದ್ದರು ಅಂತ ಕೆಂಪಣ್ಣ ಇವತ್ತಿಗೂ ಹೇಳುತ್ತಾನೆ. ಅದರಲ್ಲಿ ಅರ್ಧ ನಿಜ.

ಆ ನೆರಳು ಕಿತ್ತದ್ದು ಸರಿಯೇ ಅಂತ ನನ್ನನ್ನು ಕೇಳಿದವರಿದ್ದಾರೆ. ಮೇ ಒಂದರಂದು ಬಸ್ಸಿನ ನೆಪ ಹೇಳಿ ಹೋದವನು ನಾನು. ತೀರ್ಪು ಕೊಡುವ ಬಾಯಿ ನನ್ನದಲ್ಲ.

ಈಗ ಮಂಡ್ಯ ರಸ್ತೆಯಲ್ಲಿ ಅದೇ ಶಟರು, ಅದೇ ಕಡಪಾ, ಒಡೆದ ಎರಡು ಕಲ್ಲನ್ನು ಹೊಸ್ತಿಲಿಗೆ ಜೋಡಿಸಿದ್ದಾರೆ. ಮುಂದೆ ಅದೇ ಷೀಟು. ಗಿರಾಕಿ ಹದಿನೈದು ದಿನ ಹುಡುಕಾಡಿ ಬಂದರು. ಜೂನ್ ತಿಂಗಳಲ್ಲಿ ಒಂದು ಮಧ್ಯಾಹ್ನ ಚಿಕ್ಕಬೋರಮ್ಮ ಕೋಲೂರಿಕೊಂಡು ಅಲ್ಲಿಗೂ ಬಂದರು. ಆ ಕೊನೆಯಿಂದ ಈ ಕೊನೆಗೆ, ಊರು ದಾಟಿ. ಕಮರುನ್ನೀಸಾ ಮಿಷನ್ನು ನಿಲ್ಲಿಸಲಿಲ್ಲ. ಸುಮಯ್ಯ ಹಾಕಿದ ಸ್ಟೂಲನ್ನು ತೆಗೆಸಲೂ ಇಲ್ಲ.

ವಾರಕ್ಕೆರಡು ಸಲ ಬರುತ್ತಾರೆ. ಬಂದವರು ಸೊಂಟದ ಚೀಲ ಬಿಚ್ಚಿ, ಎರಡು ಎಲೆ, ಒಂದು ಅಡಿಕೆ ತೆಗೆದು ಹೊಲಿಗೆ ಮೇಜಿನ ಅಂಚಿನಲ್ಲಿ ಇಟ್ಟು ಕೂರುತ್ತಾರೆ. ಮಿಷನ್ನು ಓಡುತ್ತಿರುತ್ತದೆ. ಎಲೆ ಅಲ್ಲೇ ಬಾಡುತ್ತದೆ. ಸಂಜೆ ಅಂಗಡಿ ಗುಡಿಸುವಾಗ ಕಮರುನ್ನೀಸಾ ಅದನ್ನು ದಾರದ ತುಂಡು, ಸ್ಪಂಜಿನ ಪುಡಿಯ ಜೊತೆ ಮೊರಕ್ಕೆ ಎಳೆದು ಹೊರಗೆ ಚೆಲ್ಲುತ್ತಾರೆ.